ಟೆಸ್ಟ್ ಮುಗೀತು, ಜಿಡಿ ಆಯ್ತು, ರಿಸಲ್ಟ್ ಯಾವಾಗ? ಕೇಳುವ ಕ್ರಮ ಹೀಗಿದೆ

ಚಿಕ್ಕಪ್ಪನ ಮಗಳು ಹಾಸನದಲ್ಲಿ ಇ ಅಂಡ್ ಸಿ ಫೈನಲ್ ಇಯರ್ ಓದುತ್ತಿದ್ದಾಗ ಒಂದು ಬುಧವಾರ ಫೋನ್ ಮಾಡಿದಳು. ಹಿಂದಿನ ಶನಿವಾರ ಮೈಸೂರಿನ ಕಾಲೇಜೊಂದರಲ್ಲಿ ಕ್ಯಾಂಪಸ್ ಹೈರಿಂಗ್‌ನ ಪೂಲ್ ಡ್ರೈವ್ ನಡೆದಿತ್ತು. ಏಳೆಂಟು ಕಾಲೇಜಿನವರು ಒಟ್ಟಿಗೆ ಕೂತು ಆಪ್ಟಿಟ್ಯೂಡ್ ಟೆಸ್ಟ್ ಬರೆದಿದ್ದರು. "ಅಣ್ಣ, ಇನ್ನೂ ರಿಸಲ್ಟ್ ಬಂದಿಲ್ಲ. ಎಚ್‌ಆರ್‌ಗೆ ಮೇಲ್ ಹಾಕ್ಲಾ?" ಅಂದಳು. ಬರೆದಿಟ್ಟಿದ್ದ ಮೇಲನ್ನು ವಾಟ್ಸಾಪ್‌ನಲ್ಲಿ ಕಳಿಸಿದಳು. ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಿಗೆ ಬರೆಯುತ್ತಿದ್ದ ರಜಾ ಚೀಟಿಯ ಧಾಟಿ. ಮಾನ್ಯರೇ, ತಮ್ಮಲ್ಲಿ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ ಅಂತ ಶುರುವಾಗಿ, ಮನೆ ಪರಿಸ್ಥಿತಿ, ಈ ಕೆಲಸ ಎಷ್ಟು ಅಗತ್ಯ ಎಂಬುದೆಲ್ಲ ಬಂದು, ಕೊನೆಗೆ "ನಾನು ಪಾಸಾಗಿದ್ದೇನೆಯೇ ದಯವಿಟ್ಟು ತಿಳಿಸಿ" ಅಂತ ಮುಗಿದಿತ್ತು. ಹೆಸರು ಇತ್ತು. ಯೂನಿವರ್ಸಿಟಿ ಕೊಡುವ ಸೀಟ್ ನಂಬರ್, ಅಂದರೆ ಯುಎಸ್‌ಎನ್ ಇರಲಿಲ್ಲ, ಡ್ರೈವ್ ನಡೆದ ತಾರೀಖೂ ಇರಲಿಲ್ಲ.

ನಾನು ಬೆಂಗಳೂರಿನ ಒಂದು ಕಂಪನಿಯ ಹೈರಿಂಗ್ ಟೀಮಿನಲ್ಲಿ ಇಂಥ ಮೇಲ್‌ಗಳು ಬಂದು ಬೀಳುವ ಕಡೆ ಕೂತವನು. ಇಂಥದ್ದಕ್ಕೆ ಉತ್ತರ ಹೋಗುವುದಿಲ್ಲ. ಕಾರಣ ಸೊಕ್ಕಲ್ಲ. ಉತ್ತರ ಕೊಡಬೇಕಾದರೆ ಮೊದಲು ಆ ವ್ಯಕ್ತಿಯನ್ನು ಟೆಸ್ಟ್ ಬರೆದವರ ಶೀಟಿನಲ್ಲಿ ಹುಡುಕಬೇಕು. ಹುಡುಕಿದರೂ ಪಾಸೋ ಫೇಲೋ ಹೇಳುವ ಅಧಿಕಾರ ಆ ಮೇಲ್ ಓದುವವರಿಗೆ ಇರುವುದಿಲ್ಲ. ಅವಳಿಗೆ ಅವತ್ತಿನಿಂದ ಮುಂದಿನ ಎರಡು ವಾರ ಏನೇನು ಮಾಡು ಅಂತ ಹೇಳಿದೆನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ತಡ ಆಗುವುದು ಎಲ್ಲಿ

ಆನ್‌ಲೈನ್ ಟೆಸ್ಟಿನ ಮಾರ್ಕ್ಸ್ ನೀವು ಸಬ್ಮಿಟ್ ಒತ್ತಿದ ಕೂಡಲೇ ಸಿದ್ಧ. ಆಮೇಲಿನ ಕೆಲಸಕ್ಕೇ ದಿನಗಳು ಹಿಡಿಯುವುದು. ಮೊದಲು ಪ್ರಾಕ್ಟರಿಂಗ್ ರಿಪೋರ್ಟ್ ನೋಡುತ್ತಾರೆ. ಮುಖ ಕ್ಯಾಮೆರಾದಿಂದ ಆಚೆ ಹೋದದ್ದು, ಬೇರೆ ಟ್ಯಾಬ್ ತೆರೆದದ್ದು, ಇನ್ನೊಬ್ಬರ ದನಿ ಕೇಳಿದ್ದು, ಇವಕ್ಕೆಲ್ಲ ಸಾಫ್ಟ್‌ವೇರ್ ಗುರುತು ಹಾಕಿರುತ್ತದೆ. ಕರೆಂಟ್ ಹೋಗಿ ಮತ್ತೆ ಲಾಗಿನ್ ಆದವರಿಗೂ ಇದೇ ಗುರುತು ಬೀಳುವುದರಿಂದ ಒಬ್ಬರು ಕೂತು ಒಂದೊಂದನ್ನೂ ನೋಡಬೇಕು. ಕೋಡಿಂಗ್ ಪ್ರಶ್ನೆ ಇದ್ದರೆ ಕಾಪಿ ಹೊಡೆದಿದ್ದಾರಾ ಅಂತ ಹೋಲಿಸುವ ಕೆಲಸವೂ ಇದರ ಜೊತೆಗೆ ಸೇರುತ್ತದೆ.

ಆಮೇಲೆ ಕಟ್‌ಆಫ್. ಇದು ಮೊದಲೇ ನಿಗದಿಯಾಗಿರುತ್ತದೆ ಅಂತ ಹುಡುಗರು ಅಂದುಕೊಂಡಿರುತ್ತಾರೆ. ಎಷ್ಟೋ ಕಡೆ ಅದು ಹಿಂದುಮುಂದಾಗಿ ನಿರ್ಧಾರವಾಗುತ್ತದೆ. ಇಂಟರ್‌ವ್ಯೂಗೆ ನಾಲ್ಕು ಪ್ಯಾನೆಲ್ ಸಿಗುತ್ತದೆ, ಒಂದೊಂದು ಪ್ಯಾನೆಲ್ ದಿನಕ್ಕೆ ಹತ್ತು ಜನರನ್ನು ನೋಡಬಹುದು, ಎರಡು ದಿನ ಇದೆ ಅಂದರೆ ಎಂಬತ್ತು ಜನ. ಮೇಲಿನಿಂದ ಎಂಬತ್ತನೆಯವರ ಮಾರ್ಕ್ಸ್ ಎಷ್ಟೋ ಅದೇ ಕಟ್‌ಆಫ್. ಪ್ರಾಜೆಕ್ಟ್ ಮ್ಯಾನೇಜರ್‌ಗಳು ಪ್ಯಾನೆಲ್‌ಗೆ ತಾರೀಖು ಕೊಡುವವರೆಗೆ ಲಿಸ್ಟ್ ಹೊರಬರುವುದಿಲ್ಲ. ನಿಮ್ಮ ರಿಸಲ್ಟ್ ತಡವಾಗಿದೆ ಎಂದರೆ ನಿಮ್ಮ ಮಾರ್ಕ್ಸ್ ಮೇಲೆ ಯಾರೋ ಯೋಚಿಸುತ್ತಾ ಕೂತಿದ್ದಾರೆ ಎಂದಲ್ಲ, ಯಾರದೋ ಕ್ಯಾಲೆಂಡರ್ ಖಾಲಿಯಾಗಿಲ್ಲ ಎಂದೇ ಹೆಚ್ಚಿನ ಸಲ ಅರ್ಥ.

ಜಿಡಿಯ, ಅಂದರೆ ಗ್ರೂಪ್ ಡಿಸ್ಕಷನ್‌ನ ಕಥೆ ಬೇರೆ. ಅಲ್ಲಿ ಕೂತ ಇಬ್ಬರು ಪ್ಯಾನೆಲಿಸ್ಟ್‌ಗಳು ಕಾಗದದ ಮೇಲೆ ಟಿಕ್ ಹಾಕುತ್ತಾರೆ, ಮುಗಿದ ಮೇಲೆ ಐದು ನಿಮಿಷ ಮಾತಾಡಿಕೊಂಡು ಹೆಸರು ಆರಿಸುತ್ತಾರೆ. ಹಾಗಾಗಿ ಜಿಡಿ ರಿಸಲ್ಟ್ ಸಾಮಾನ್ಯವಾಗಿ ಅವತ್ತೇ ಬರುತ್ತದೆ. ಬರಲಿಲ್ಲವೆಂದರೆ ಇನ್ನೂ ಬ್ಯಾಚ್‌ಗಳು ಬಾಕಿ ಇವೆ, ಅಥವಾ ಕೆಲವರನ್ನು ಹೋಲ್ಡ್‌ನಲ್ಲಿ ಇಟ್ಟಿದ್ದಾರೆ.

ಕೇಳುವುದಕ್ಕೆ ಮೊದಲು: ಮೇಲ್ ಬಂದು ಕೂತಿದೆಯಾ ನೋಡಿ

ರಿಸಲ್ಟ್ ಮೇಲ್ ಕಂಪನಿಯ ಹೆಸರಿನಲ್ಲೇ ಬರಬೇಕೆಂದಿಲ್ಲ. ಟೆಸ್ಟ್ ನಡೆಸಿದ ಪ್ಲಾಟ್‌ಫಾರ್ಮ್, ಅಂದರೆ ಹ್ಯಾಕರ್‌ರ‍್ಯಾಂಕ್, ಮೆಟ್ಲ್, ಆಮ್‌ಕ್ಯಾಟ್ ಥರದವುಗಳ ವಿಳಾಸದಿಂದಲೂ ಬರಬಹುದು. ಒಂದೇ ಸಲ ನೂರಾರು ಜನರಿಗೆ ಹೋಗುವ ಮೇಲ್ ಆದ್ದರಿಂದ ಸ್ಪ್ಯಾಮ್‌ಗೋ ಪ್ರಮೋಷನ್ಸ್‌ಗೋ ಬೀಳುವುದೂ ಉಂಟು. ಜಿಮೇಲ್‌ನ ಸರ್ಚ್ ಜಾಗದಲ್ಲಿ ಹೀಗೆ ಟೈಪ್ ಮಾಡಿ:

```
in:anywhere newer_than:15d assessment
```

ಬರೀ ಇನ್‌ಬಾಕ್ಸ್ ಅಲ್ಲದೆ ಸ್ಪ್ಯಾಮ್ ಮತ್ತು ಟ್ರ್ಯಾಶ್‌ನಲ್ಲೂ ಹದಿನೈದು ದಿನದ ಮೇಲ್‌ಗಳನ್ನು ಇದು ಹುಡುಕುತ್ತದೆ. ಕೊನೆಯ ಪದದ ಜಾಗದಲ್ಲಿ ಕಂಪನಿಯ ಹೆಸರು ಹಾಕಿ ಇನ್ನೊಂದು ಸಲ ನೋಡಿ. ಸ್ಪ್ಯಾಮ್‌ನಲ್ಲಿ ಬಿದ್ದದ್ದನ್ನು ಜಿಮೇಲ್ 30 ದಿನಕ್ಕೆ ಅಳಿಸಿಬಿಡುತ್ತದೆ, ಆದ್ದರಿಂದ ಈ ಕೆಲಸವನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಬೇಡಿ.

ಕಂಪನಿಗೆ ಸ್ವಂತ ಪೋರ್ಟಲ್ ಇದ್ದರೆ ಅಲ್ಲೂ ಲಾಗಿನ್ ಆಗಿ. ಟಿಸಿಎಸ್‌ನ ನೆಕ್ಸ್ಟ್‌ಸ್ಟೆಪ್ ಪೋರ್ಟಲ್‌ನಲ್ಲಿ CT ಅಥವಾ DT ಎಂದು ಶುರುವಾಗುವ ರೆಫರೆನ್ಸ್ ನಂಬರ್ ಕೊಡುತ್ತಾರಲ್ಲ, ಅಂಥ ನಂಬರ್ ನಿಮಗೂ ಕೊಟ್ಟಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಕೇಳುವಾಗ ಬೇಕಾಗುವುದು ಅದೇ.

ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ ಮುಂತಾದವುಗಳಿಗೆ ಈ ಲೇಖನ ಅನ್ವಯಿಸುವುದಿಲ್ಲ. ಅಲ್ಲಿ ರಿಸಲ್ಟ್ ವೆಬ್‌ಸೈಟಿನಲ್ಲೇ ಬರುತ್ತದೆ, ಒಬ್ಬೊಬ್ಬರ ಮೇಲ್‌ಗೆ ತಾರೀಖು ಹೇಳುವುದಿಲ್ಲ.

ಎಷ್ಟು ದಿನ ಕಾಯಬೇಕು

ಅವರು ಅವತ್ತು ಬಾಯಲ್ಲಿ ಏನು ಹೇಳಿದರು ಅನ್ನುವುದು ಮುಖ್ಯ. ನನ್ನ ತಂಗಿಗೆ ಎಚ್‌ಆರ್ ಮೇಡಂ "ಒಂದು ವಾರದಲ್ಲಿ ತಿಳಿಸ್ತೀವಿ" ಅಂದಿದ್ದರು. ಹೇಳಿದ್ದು ಶನಿವಾರ. ಆಫೀಸಿನವರ ಬಾಯಲ್ಲಿ ಒಂದು ವಾರ ಅಂದರೆ ಐದು ಕೆಲಸದ ದಿನ, ಅಂದರೆ ಮುಂದಿನ ಶುಕ್ರವಾರ ಸಂಜೆವರೆಗೆ. ಅದರ ಮೇಲೆ ಎರಡು ಕೆಲಸದ ದಿನ ಬಿಡಿ. ಹಾಗಾಗಿ ಅವಳು ಕೇಳಬೇಕಾದದ್ದು ಅದರ ಮುಂದಿನ ಬುಧವಾರ ಬೆಳಿಗ್ಗೆ. ನನಗೆ ಫೋನ್ ಮಾಡಿದ ದಿನಕ್ಕೆ ಸರಿಯಾಗಿ ಇನ್ನೊಂದು ವಾರ. "ಅಷ್ಟು ದಿನಾನಾ!" ಅಂದಳು. ಗಡುವು ಮುಗಿಯುವ ಮೊದಲೇ ಕೇಳಿದರೆ ಬರುವ ಉತ್ತರ ಒಂದೇ, "ತಿಳಿಸುತ್ತೇವೆ". ಆಮೇಲೆ ನಿಜವಾಗಿ ತಡವಾದಾಗ ಮತ್ತೆ ಕೇಳಲು ನಿಮಗೇ ಮುಜುಗರವಾಗುತ್ತದೆ.

ಅವರು ತಾರೀಖೇ ಹೇಳಿರದಿದ್ದರೆ ನನ್ನ ಲೆಕ್ಕ ಹೀಗೆ: ಟೆಸ್ಟ್ ಆದ ಮೇಲೆ ಏಳು ಕೆಲಸದ ದಿನ, ಜಿಡಿ ಆದ ಮೇಲೆ ಮೂರು. ಇದು ನಿಯಮವಲ್ಲ, ಅನುಭವದ ಅಂದಾಜು. ಇದಕ್ಕಿಂತ ಸುಲಭದ ದಾರಿ ಎಂದರೆ ಡ್ರೈವ್ ಮುಗಿದು ಹೊರಡುವ ಮುಂಚೆಯೇ "ಮೇಡಂ, ರಿಸಲ್ಟ್ ಯಾವಾಗ ಬರಬಹುದು, ನಮಗೆ ಮೇಲ್ ಬರುತ್ತಾ ಕಾಲೇಜಿಗೆ ಬರುತ್ತಾ?" ಅಂತ ಕೇಳಿಬಿಡುವುದು. ಗುಂಪಿನಲ್ಲಿ ಯಾರಾದರೂ ಒಬ್ಬರು ಕೇಳಿದರೆ ಸಾಕು.

ಸೋಮವಾರ ಬೆಳಿಗ್ಗೆ ಮತ್ತು ಶುಕ್ರವಾರ ಸಂಜೆ ಬಿಡಿ. ಉಳಿದ ದಿನ ಹನ್ನೊಂದರ ಸುಮಾರಿಗೆ ಕಳಿಸಿದ ಮೇಲ್ ಅವತ್ತೇ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಕಾಯದೇ ಕೇಳಬಹುದಾದ ಸಂದರ್ಭ ಒಂದೇ ಇದೆ. ಇನ್ನೊಂದು ಕಂಪನಿಯ ಆಫರ್ ಕೈಯಲ್ಲಿದ್ದು, ಇಂಥ ತಾರೀಖಿನೊಳಗೆ ಒಪ್ಪಿಗೆ ಕೊಡಬೇಕು ಎಂದಿದ್ದರೆ. ಆಗ ಆ ತಾರೀಖನ್ನು ಬರೆದು ಅದಕ್ಕೆ ಮೊದಲು ತೀರ್ಮಾನ ಗೊತ್ತಾಗಬಹುದೇ ಎಂದು ಕೇಳಿ. ಇಲ್ಲದ ಆಫರನ್ನು ಇದೆ ಅಂತ ಬರೆಯಬೇಡಿ. ಎಷ್ಟೋ ಕಾಲೇಜುಗಳಲ್ಲಿ ಒಂದು ಆಫರ್ ಬಂದವರನ್ನು ಮುಂದಿನ ಡ್ರೈವ್‌ಗೆ ಬಿಡುವುದಿಲ್ಲ. ಎಚ್‌ಆರ್ ನಿಮ್ಮ ಪ್ಲೇಸ್‌ಮೆಂಟ್ ಆಫೀಸರ್‌ಗೆ ಒಂದು ಫೋನ್ ಮಾಡಿದರೆ ಸುಳ್ಳು ಅಲ್ಲೇ ಬಯಲಾಗುತ್ತದೆ.

ಯಾರನ್ನು ಕೇಳಬೇಕು

ಕಾಲೇಜಿನ ಮೂಲಕ ಬಂದ ಡ್ರೈವ್ ಆದರೆ ಕಾಲೇಜಿನ ಮೂಲಕವೇ ಕೇಳಿ. ಕ್ಯಾಂಪಸ್ ಹೈರಿಂಗ್‌ನಲ್ಲಿ ಕಂಪನಿಯ ಒಬ್ಬರು, ಕಾಲೇಜಿನ ಒಬ್ಬರು, ಇವರಿಬ್ಬರ ನಡುವೆಯೇ ಎಲ್ಲ ವ್ಯವಹಾರ. ಇನ್ನೂರು ಹುಡುಗರು ನೇರವಾಗಿ ಎಚ್‌ಆರ್‌ಗೆ ಬರೆದರೆ ಆ ಎಚ್‌ಆರ್ ಪ್ಲೇಸ್‌ಮೆಂಟ್ ಆಫೀಸರ್‌ಗೆ ಫೋನ್ ಮಾಡಿ "ಸರ್, ನಿಮ್ಮ ಮಕ್ಕಳಿಗೆ ಸ್ವಲ್ಪ ಹೇಳಿ" ಅನ್ನುತ್ತಾರೆ. ನಾನೇ ಮಾಡಿದ್ದೇನೆ.

ಪೂಲ್ ಡ್ರೈವ್‌ನಲ್ಲಿ ಇನ್ನೊಂದು ಮೆಟ್ಟಿಲು ಹೆಚ್ಚು. ಲಿಸ್ಟ್ ಮೊದಲು ಡ್ರೈವ್ ನಡೆಸಿಕೊಟ್ಟ ಕಾಲೇಜಿಗೆ ಹೋಗಿ, ಅಲ್ಲಿಂದ ಉಳಿದ ಕಾಲೇಜುಗಳಿಗೆ ಬರುತ್ತದೆ. ಹಾಸನದ ಕಾಲೇಜಿಗೆ ಬಾರದ ಲಿಸ್ಟ್ ಮೈಸೂರಿನ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಇರಬಹುದು. ಅಲ್ಲಿ ನಿಮಗೆ ಗೊತ್ತಿರುವ ಒಬ್ಬ ಸ್ನೇಹಿತ ಇದ್ದರೆ ಮೊದಲು ಅವರಿಗೆ ಒಂದು ಮೆಸೇಜ್ ಹಾಕಿ.

ನೀವೇ ಅರ್ಜಿ ಹಾಕಿ ಹೋದ ಆಫ್-ಕ್ಯಾಂಪಸ್ ಡ್ರೈವ್ ಆದರೆ ಟೆಸ್ಟಿಗೆ ಕರೆದ ಮೇಲ್‌ಗೇ ರಿಪ್ಲೈ ಮಾಡಿ. ಅದು `noreply` ವಿಳಾಸವಾಗಿದ್ದರೆ ಆ ಮೇಲ್‌ನ ಕೆಳಭಾಗದಲ್ಲಿ ಸಂಪರ್ಕದ ವಿಳಾಸ ಕೊಟ್ಟಿದ್ದಾರಾ ನೋಡಿ. ಲಿಂಕ್ಡ್‌ಇನ್‌ನಲ್ಲಿ ಕಂಪನಿಯ ಯಾರೋ ಎಚ್‌ಆರ್ ಅನ್ನು ಹುಡುಕಿ ಬರೆಯುವುದರಿಂದ ಪ್ರಯೋಜನ ಕಡಿಮೆ. ಅವರು ಚೆನ್ನೈನ ಅನುಭವಿಗಳ ಹೈರಿಂಗ್ ನೋಡಿಕೊಳ್ಳುವವರಾಗಿದ್ದರೆ ನಿಮ್ಮ ಶೀಟ್ ಅವರಿಗೆ ಕಾಣುವುದೇ ಇಲ್ಲ. ಡ್ರೈವ್‌ಗೆ ಬಂದಿದ್ದ ವ್ಯಕ್ತಿಯೇ ಆದರೆ ಸರಿ.

ಟೆಲಿಗ್ರಾಂ ಗುಂಪುಗಳಲ್ಲಿ "ರಿಸಲ್ಟ್ ಬಂತಾ?" ಎಂದು ಯುಎಸ್‌ಎನ್, ಫೋನ್ ನಂಬರ್ ಸಮೇತ ಹಾಕುವವರಿದ್ದಾರೆ. ಹಾಗೆ ಹಾಕಿದ ನಂಬರಿಗೆ "ನೀವು ಸೆಲೆಕ್ಟ್ ಆಗಿದ್ದೀರಿ, ಡೆಪಾಸಿಟ್ ಕಟ್ಟಿ, ಆಮೇಲೆ ವಾಪಸ್ ಕೊಡುತ್ತೇವೆ" ಎಂಬ ಫೋನ್ ಬಂದರೆ ಆಶ್ಚರ್ಯಪಡಬೇಡಿ. ಸರಿಯಾದ ಕಂಪನಿ ರಿಸಲ್ಟ್ ಹೇಳಲು ದುಡ್ಡು ಕೇಳುವುದಿಲ್ಲ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೇಲ್ ಬರೆಯುವುದು

ಉತ್ತರ ಬರುವ ಮೇಲ್‌ಗೂ ಬಾರದ ಮೇಲ್‌ಗೂ ಇರುವ ವ್ಯತ್ಯಾಸ ಎರಡೇ.

ಮೊದಲನೆಯದು, ನಿಮ್ಮನ್ನು ಶೀಟಿನಲ್ಲಿ ಹುಡುಕಲು ಆಗಬೇಕು. ಬರೀ ಹೆಸರಿನಿಂದ ಆಗುವುದಿಲ್ಲ. ನಮ್ಮ ಕಡೆಯ ಇನಿಷಿಯಲ್ ಪದ್ಧತಿಯಿಂದ ಆಗುವ ಗೊಂದಲ ಹೇಳತೀರದು. ಮಾರ್ಕ್ಸ್ ಕಾರ್ಡಿನಲ್ಲಿ "ಶ್ವೇತಾ ಕೆ ಎಸ್" ಇರುತ್ತದೆ. ಟೆಸ್ಟ್ ಪ್ಲಾಟ್‌ಫಾರ್ಮ್ ಲಾಸ್ಟ್ ನೇಮ್ ಕಡ್ಡಾಯ ಅನ್ನುತ್ತದೆ, ಒಬ್ಬರು ಅಲ್ಲಿ "ಕೆಎಸ್" ಹಾಕುತ್ತಾರೆ, ಇನ್ನೊಬ್ಬರು ಅಪ್ಪನ ಹೆಸರು ಹಾಕುತ್ತಾರೆ, ಮತ್ತೊಬ್ಬರು ಒಂದು ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ. ಎರಡು ಸಾವಿರ ಸಾಲಿನ ಶೀಟಿನಲ್ಲಿ ಶ್ವೇತಾ ಎಂದು ಹುಡುಕಿದರೆ ಹದಿನಾಲ್ಕು ಜನ ಸಿಗುತ್ತಾರೆ. ಆದರೆ ವಿಟಿಯು ಯುಎಸ್‌ಎನ್ ಒಬ್ಬರಿಗೆ ಒಂದೇ. ಟೆಸ್ಟಿಗೆ ನೋಂದಾಯಿಸಿದ ಮೇಲ್ ಐಡಿಯೂ ಅಷ್ಟೇ. ಆದ್ದರಿಂದ ಮೇಲಿನಲ್ಲಿ ಯುಎಸ್‌ಎನ್, ನೋಂದಾಯಿತ ಮೇಲ್ ಐಡಿ, ಟೆಸ್ಟ್ ನಡೆದ ತಾರೀಖು ಮತ್ತು ಜಾಗ, ಇಷ್ಟು ಇರಲೇಬೇಕು. ಯುಎಸ್‌ಎನ್ ಅನ್ನು ಸಬ್ಜೆಕ್ಟ್‌ನಲ್ಲೇ ಹಾಕಿ. ಕಾಪಿ ಮಾಡಿ ಶೀಟಿನಲ್ಲಿ ಪೇಸ್ಟ್ ಮಾಡಲು ಬರಬೇಕು, ಆದ್ದರಿಂದ ನಡುವೆ ಜಾಗ ಬಿಡಬೇಡಿ, ಹಾಲ್ ಟಿಕೆಟ್ಟಿನ ಫೋಟೋ ಅಂಟಿಸಿ ಸುಮ್ಮನಾಗಬೇಡಿ.

ಎರಡನೆಯದು, "ಪಾಸಾದೆನಾ?" ಎಂದು ಕೇಳದೆ "ಯಾವಾಗ ತಿಳಿಯುತ್ತದೆ?" ಎಂದು ಕೇಳುವುದು. ಮೊದಲನೆಯ ಪ್ರಶ್ನೆಗೆ ಉತ್ತರಿಸಲು ಆ ಜೂನಿಯರ್ ಎಚ್‌ಆರ್ ಮೇಲಿನವರನ್ನು ಕೇಳಬೇಕು, ಹಾಗಾಗಿ ಮೇಲ್ ಪಕ್ಕಕ್ಕೆ ಹೋಗುತ್ತದೆ. ಎರಡನೆಯದಕ್ಕೆ ಅವರೇ ಒಂದು ಸಾಲಿನಲ್ಲಿ ಉತ್ತರಿಸಬಹುದು. ಸ್ವಾರಸ್ಯವೆಂದರೆ ತಾರೀಖು ಕೇಳಿದವರಿಗೇ ಎಷ್ಟೋ ಸಲ ರಿಸಲ್ಟೂ ಸಿಗುತ್ತದೆ. ಶೀಟ್ ತೆರೆದವರಿಗೆ ನಿಮ್ಮ ಸಾಲು ಕಣ್ಣೆದುರೇ ಇರುತ್ತದಲ್ಲ.

ತಂಗಿ ಕೊನೆಗೆ ಪ್ಲೇಸ್‌ಮೆಂಟ್ ಸರ್‌ಗೆ ಕಳಿಸಿದ್ದು ಇಂಗ್ಲಿಷಿನಲ್ಲಿ, ಅದರ ಒಕ್ಕಣೆ ಇಷ್ಟು:

"ಸರ್, ಕಳೆದ ವಾರಕ್ಕೂ ಹಿಂದಿನ ಶನಿವಾರ ಮೈಸೂರಿನಲ್ಲಿ ನಡೆದ ಪೂಲ್ ಡ್ರೈವ್‌ನ ಆಪ್ಟಿಟ್ಯೂಡ್ ಟೆಸ್ಟ್ ಬರೆದಿದ್ದೆ. ಒಂದು ವಾರದಲ್ಲಿ ರಿಸಲ್ಟ್ ಕೊಡುವುದಾಗಿ ಹೇಳಿದ್ದರು. ನನಗೆ ಇದುವರೆಗೆ ಮೇಲ್ ಬಂದಿಲ್ಲ, ಸ್ಪ್ಯಾಮ್‌ನಲ್ಲೂ ನೋಡಿದ್ದೇನೆ. ರಿಸಲ್ಟ್ ಯಾವಾಗ ಬರಬಹುದು ಎಂದು ಕಂಪನಿಯವರಲ್ಲಿ ವಿಚಾರಿಸಲು ಸಾಧ್ಯವೇ? ನನ್ನ ಯುಎಸ್‌ಎನ್ ಮತ್ತು ನೋಂದಾಯಿತ ಮೇಲ್ ಐಡಿ ಕೆಳಗಿದೆ."

ಕೆಳಗೆ ಎರಡು ಸಾಲು ವಿವರ, ಹೆಸರು, ಬ್ರಾಂಚ್, ಫೋನ್. ತಾರೀಖನ್ನು ನಾನು ಇಲ್ಲಿ ಬಿಟ್ಟಿದ್ದೇನೆ, ಅವಳು ಅಂಕಿಯಲ್ಲೇ ಬರೆದಿದ್ದಳು. ಈ ಮೇಲ್‌ನ ಒಂದು ಗುಣ ಗಮನಿಸಿ. ಪ್ಲೇಸ್‌ಮೆಂಟ್ ಸರ್ ಇದಕ್ಕೆ ಏನೂ ಸೇರಿಸದೆ ಫಾರ್ವರ್ಡ್ ಒತ್ತಿದರೂ ಎಚ್‌ಆರ್‌ಗೆ ಎಲ್ಲ ಅರ್ಥವಾಗುತ್ತದೆ. ಅವರು ಮಾಡಿದ್ದೂ ಅಷ್ಟೇ. ಮನೆ ಕಷ್ಟ, ಸಿಜಿಪಿಎ, ರೆಸ್ಯೂಮೆ ಯಾವುದೂ ಬೇಡ. ಟೆಸ್ಟ್ ಚೆನ್ನಾಗಿ ಬರೆದಿದ್ದೇನೆ ಎಂಬ ಮಾತು ಖಂಡಿತ ಬೇಡ.

ಮಾರನೆಯ ದಿನ ಉತ್ತರ ಬಂತು. ಅವಳು ಶಾರ್ಟ್‌ಲಿಸ್ಟ್ ಆಗಿದ್ದಳು, ಮೇಲ್ ಹಿಂದಿನ ಶುಕ್ರವಾರವೇ ಹೋಗಿ ಬೌನ್ಸ್ ಆಗಿತ್ತು. ಪ್ಲೇಸ್‌ಮೆಂಟ್ ಸೆಲ್‌ನವರು ಕಂಪನಿಗೆ ಕಳಿಸಿದ್ದ ಶೀಟಿನಲ್ಲಿ ಅವಳ ಐಡಿಯ ಕೊನೆಗೆ `gmial.com` ಎಂದಿತ್ತು. ಜಿಡಿ ಸೋಮವಾರ ಬೆಂಗಳೂರಿನಲ್ಲಿ.

ಜಿಡಿ ಆದ ಮೇಲೆ

ಎಂಟು ಜನರ ಗುಂಪು, ಹದಿನೈದು ನಿಮಿಷ. ಮುಗಿದ ಮೇಲೆ "ಎರಡು ದಿನದಲ್ಲಿ ಹೇಳ್ತೀವಿ" ಅಂದರು. ಈ ಸಲ ಎಚ್‌ಆರ್ ಅವಳಿಗೇ ನೇರವಾಗಿ ಮೇಲ್ ಮಾಡಿ ಕರೆದಿದ್ದರಿಂದ ಪ್ಲೇಸ್‌ಮೆಂಟ್ ಸರ್ ಮೂಲಕ ಹೋಗುವ ಅಗತ್ಯವಿರಲಿಲ್ಲ. ಅದೇ ಮೇಲ್‌ಗೆ ರಿಪ್ಲೈ ಮಾಡಿ, ಸರ್‌ಗೆ ಸಿಸಿ ಹಾಕಿದರೆ ಸಾಕು. ಹೊಸ ಮೇಲ್ ಶುರು ಮಾಡಿದರೆ ಹಿಂದಿನ ವಿವರವೆಲ್ಲ ಮತ್ತೆ ಹೇಳಬೇಕಾಗುತ್ತದೆ.

ಬುಧವಾರಕ್ಕೆ ಗಡುವು ಮುಗಿಯಿತು. ಶುಕ್ರವಾರ ಬೆಳಿಗ್ಗೆ ಎರಡೇ ಸಾಲು ಬರೆದಳು: ಸೋಮವಾರ ಬೆಳಿಗ್ಗೆ ಹತ್ತೂವರೆಯ ಬ್ಯಾಚಿನಲ್ಲಿ ಜಿಡಿಯಲ್ಲಿದ್ದೆ, ಫಲಿತಾಂಶ ಯಾವಾಗ ತಿಳಿಯಬಹುದು? ಜಿಡಿಯಲ್ಲಿ ಬ್ಯಾಚಿನ ಸಮಯ ಬರೆಯುವುದು ಮುಖ್ಯ, ಏಕೆಂದರೆ ಪ್ಯಾನೆಲಿಸ್ಟರ ಕಾಗದಗಳು ಬ್ಯಾಚಿನ ಲೆಕ್ಕದಲ್ಲೇ ಪಿನ್ ಆಗಿರುತ್ತವೆ. ಚೆಸ್ಟ್ ನಂಬರ್ ಕೊಟ್ಟಿದ್ದರೆ ಅದನ್ನೂ ಬರೆಯಿರಿ. ಮಾರ್ಕ್ಸ್ ಎಷ್ಟು ಬಂತು, ಎಲ್ಲಿ ತಪ್ಪಿದೆ ಎಂದು ಈ ಮೇಲಿನಲ್ಲಿ ಕೇಳಬೇಡಿ. ಕಾಗದದ ಮೇಲಿನ ಟಿಕ್ ಮಾರ್ಕಿಗೆ ವಿವರಣೆ ಕೊಡಲು ಯಾರೂ ಒಪ್ಪುವುದಿಲ್ಲ.

ಬಂದ ಉತ್ತರವನ್ನು ಓದುವುದು

"ಪ್ರೊಸೆಸ್‌ನಲ್ಲಿದೆ" ಎಂದರೆ ಲಿಸ್ಟ್ ಇನ್ನೂ ಹೊರಬಿದ್ದಿಲ್ಲ, ಅಷ್ಟೇ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸೂಚನೆಯಲ್ಲ. "ಹೋಲ್ಡ್‌ನಲ್ಲಿದ್ದೀರಿ" ಎಂದರೆ ನಿಮ್ಮ ಮೇಲಿನವರು ಯಾರಾದರೂ ಬಿಟ್ಟರೆ ನಿಮ್ಮ ಸರದಿ. ಇದಕ್ಕಾಗಿ ಬೇರೆ ಡ್ರೈವ್ ತಪ್ಪಿಸಿಕೊಳ್ಳಬೇಡಿ. "ಆಯ್ಕೆಯಾದವರನ್ನು ಮಾತ್ರ ಸಂಪರ್ಕಿಸುತ್ತೇವೆ" ಎಂದು ಮೊದಲೇ ಹೇಳಿದ್ದು, ಗೆಳೆಯರಿಗೆ ಇಂಟರ್‌ವ್ಯೂ ಕರೆ ಬಂದು, ಆ ಇಂಟರ್‌ವ್ಯೂ ದಿನವೂ ಕಳೆದುಹೋಗಿದ್ದರೆ ಉತ್ತರ ಸಿಕ್ಕಂತೆಯೇ. ಆದರೆ ಗೆಳೆಯನಿಗೆ ಇವತ್ತು ಕರೆ ಬಂತು, ನನಗೆ ಬಂದಿಲ್ಲ ಎಂದು ಅವತ್ತೇ ತೀರ್ಮಾನಿಸಬೇಡಿ. ಮೇಲ್‌ಗಳು ಕಾಲೇಜುವಾರು, ಬ್ಯಾಚುವಾರು ಹೋಗುತ್ತವೆ, ಎರಡು ಮೂರು ದಿನ ಹಿಂದೆಮುಂದೆ ಆಗುತ್ತದೆ.

ಉತ್ತರವೇ ಇಲ್ಲದಿದ್ದರೆ ಐದು ಕೆಲಸದ ದಿನ ಬಿಟ್ಟು ಅದೇ ಮೇಲ್‌ಗೆ ಇನ್ನೊಂದು ಸಲ ರಿಪ್ಲೈ ಮಾಡಿ. ಅದಕ್ಕೂ ಇಲ್ಲವೆಂದರೆ, ನಂಬರನ್ನು ಅವರೇ ಕೊಟ್ಟಿದ್ದರೆ ಮಾತ್ರ, ಒಂದು ಫೋನ್. "ಮೇಡಂ, ಎರಡು ನಿಮಿಷ ಮಾತಾಡಬಹುದಾ? ಇಂಥ ತಾರೀಖಿನ ಜಿಡಿ ರಿಸಲ್ಟ್ ಯಾವಾಗ ಅಂತ ಕೇಳೋಣ ಅಂತ ಮಾಡಿದೆ" ಅನ್ನಿ. ಮೀಟಿಂಗ್‌ನಲ್ಲಿದ್ದೇನೆ ಎಂದರೆ "ಆಯ್ತು ಮೇಡಂ, ಮೇಲ್ ಹಾಕಿದ್ದೀನಿ, ಬಿಡುವಾದಾಗ ನೋಡಿ" ಎಂದು ಇಟ್ಟುಬಿಡಿ. ಅಪ್ಪನ ಕೈಯಲ್ಲಿ ಫೋನ್ ಮಾಡಿಸಬೇಡಿ. ವರ್ಷಕ್ಕೆ ನಾಲ್ಕೈದು ಅಪ್ಪಂದಿರ ಕರೆ ನನಗೇ ಬರುತ್ತದೆ. ಅವರಿಗೆ ಏನನ್ನೂ ಹೇಳುವ ಹಾಗಿಲ್ಲ, ಸುಮ್ಮನೆ ಇಬ್ಬರಿಗೂ ಬೇಜಾರು. ಫೋನೂ ಆದ ಮೇಲೆ ಅಲ್ಲಿಗೆ ನಿಲ್ಲಿಸಿ.

ತಂಗಿಗೆ ಶುಕ್ರವಾರ ಮಧ್ಯಾಹ್ನವೇ ಉತ್ತರ ಬಂತು: ಇನ್ನೆರಡು ಬ್ಯಾಚಿನ ಜಿಡಿ ಬಾಕಿಯಿದೆ, ಮಂಗಳವಾರ ಹೇಳುತ್ತೇವೆ. ಮಂಗಳವಾರ ಮೇಲ್ ಬಂತು, ಆಯ್ಕೆಯಾಗಿರಲಿಲ್ಲ. ಗುರುವಾರ ಇನ್ನೊಂದು ಕಂಪನಿಯ ಟೆಸ್ಟ್ ಇತ್ತು. ಅದಕ್ಕೆ ಮೊದಲು ಅವಳು ಪ್ಲೇಸ್‌ಮೆಂಟ್ ಸೆಲ್‌ಗೆ ಹೋಗಿ, ಕಂಪನಿಗಳಿಗೆ ಕಳಿಸುವ ಶೀಟನ್ನು ತೆರೆಸಿ ಮೇಲ್ ಐಡಿಗಳ ಕಾಲಂ ಮೇಲಿನಿಂದ ಕೆಳಗೆ ನೋಡಿದಳು. ಅವಳದನ್ನು ಸರಿಮಾಡಿದ್ದರು. ಇನ್ನೂ ನಾಲ್ಕು ಜನರದ್ದು ಹಾಗೇ ತಪ್ಪಿತ್ತು.